ಪಾಪ್ ಗೀತೆಯ ತಂತಿವಾದ್ಯ ಸಂಯೋಜನೆ

ಪಾಪ್ ಹಾಡಿನ ಹಿನ್ನೆಲೆಗೆ ಪಿಟೀಲು, ವಯೊಲಾ, ಸೆಲೊಗಳ ಸ್ವರಗಳನ್ನು ಬರೆದುಕೊಡುವ ಕೆಲಸ. ಬರೆಯುವವರನ್ನು ಅರೇಂಜರ್ ಎನ್ನುತ್ತಾರೆ. ಹಾಡಿನ ಮಟ್ಟು ಅವರದಲ್ಲ, ಸಾಹಿತ್ಯವೂ ಅವರದಲ್ಲ. ಹಾಡುವವರ ಒಂದಕ್ಷರವೂ ಮುಚ್ಚಿಹೋಗದಂತೆ ಹಾಡಿಗೆ ಮೈ ತುಂಬಿಸುವುದು ಅವರ ಹೊಣೆ. ಈ ಕಸುಬು ಇಂದಿನ ರೂಪಕ್ಕೆ ಬಂದದ್ದು 1950 ಮತ್ತು 60ರ ದಶಕಗಳಲ್ಲಿ, ಅಮೆರಿಕ, ಇಂಗ್ಲೆಂಡ್‌ಗಳ ಸ್ಟುಡಿಯೋಗಳಲ್ಲಿ ಮತ್ತು ಭಾರತದ ಚಿತ್ರಗೀತೆಗಳ ಸ್ಟುಡಿಯೋಗಳಲ್ಲಿ.

ಕರ್ನಾಟಕ ಸಂಗೀತದ ಕಛೇರಿ ಕೇಳಿ ಬೆಳೆದವರಿಗೆ ಇದರ ಕಷ್ಟ ಥಟ್ಟನೆ ಹೊಳೆಯಲಿಕ್ಕಿಲ್ಲ. ಕಛೇರಿಯ ಪಿಟೀಲು ಗಾಯಕರ ಬೆನ್ನಿಗೇ ಸಾಗುತ್ತದೆ, ಅವರು ಹಾಡಿದ ಸಂಗತಿಯನ್ನೇ ನುಡಿಸುತ್ತದೆ, ಅವರು ಉಸಿರು ತೆಗೆದುಕೊಂಡಾಗ ಆ ಸಂಗತಿಯ ಬಾಲವನ್ನು ಎಳೆಯುತ್ತದೆ. ಅಲ್ಲಿ ನುಡಿಸುವವರು ಒಬ್ಬರೇ. ಗಾಯಕರ ತುಟಿ ನೋಡುತ್ತ ಕಮಾನಿನ ಒತ್ತಡವನ್ನು ಆ ಕ್ಷಣದಲ್ಲೇ ಇಳಿಸಬಲ್ಲರು. ಪಾಪ್ ಹಾಡಿನಲ್ಲಿ ನಾಲ್ಕೋ ಎಂಟೋ ಇಪ್ಪತ್ತೋ ಜನ, ಮೊದಲೇ ಬರೆದಿಟ್ಟ ಸ್ವರಗಳನ್ನು ನೋಡಿಕೊಂಡು ನುಡಿಸುತ್ತಾರೆ. ಎಷ್ಟೋ ಸಲ ಹಾಡುಗಾರ ಎದುರಿಗೇ ಇರುವುದಿಲ್ಲ. ಹಾಗಾಗಿ ಗಾಯನಕ್ಕೆ ಬಿಡಬೇಕಾದ ಜಾಗವನ್ನು ಕಾಗದದ ಮೇಲೆಯೇ ಬಿಡಬೇಕು.

ಮುಚ್ಚಿಹೋಗುವುದು ಎಲ್ಲಿ

ಪಿಟೀಲಿನ ಅತಿ ಕೆಳಗಿನ ತಂತಿ ಸುಮಾರು 196 ಹರ್ಟ್ಸ್‌ನಲ್ಲಿ ನುಡಿಯುತ್ತದೆ, ವಯೊಲಾದ್ದು 131ರಲ್ಲಿ, ಸೆಲೊದ್ದು 65ರಲ್ಲಿ. ಮನುಷ್ಯರ ಹಾಡುವ ಧ್ವನಿ ಇವುಗಳ ನಟ್ಟನಡುವೆ ಬೀಳುತ್ತದೆ. ಅದೇ ಎತ್ತರದಲ್ಲಿ, ಅದೇ ಗಳಿಗೆಯಲ್ಲಿ ತಂತಿಗಳೂ ಉದ್ದವಾಗಿ ಎಳೆದರೆ ಕಿವಿಗೆ ಎರಡನ್ನೂ ಬಿಡಿಸಿ ಕೇಳುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಜೋರಾದ ತಗ್ಗು ಧ್ವನಿ ತನಗಿಂತ ಮೇಲಿನ ಧ್ವನಿಯನ್ನು ಮುಚ್ಚುವಷ್ಟು ಸುಲಭವಾಗಿ ಮೇಲಿನದು ತಗ್ಗಿನದನ್ನು ಮುಚ್ಚಲಾರದು. ಆದ್ದರಿಂದಲೇ ಹೊಸಬರು ಸೆಲೊ, ವಯೊಲಾಗಳನ್ನು ಒತ್ತೊತ್ತಾಗಿ ಬರೆದಾಗ ಹಾಡು ಗಂಭೀರವಾಗುವ ಬದಲು ಮಂಕಾಗುತ್ತದೆ. ಹಾಡುಗಾರ ಬಾಯಿ ಮುಚ್ಚಿಕೊಂಡು ಹಾಡಿದಂತೆ ಕೇಳುತ್ತದೆ.

ಕೇಳುಗರು ಮಾತನ್ನು ಗುರುತಿಸುವುದು ಬಹುಮಟ್ಟಿಗೆ ವ್ಯಂಜನಗಳಿಂದ. ತ, ಸ, ಕ ಮುಂತಾದವುಗಳ ಸದ್ದು ಬಹಳ ಚಿಕ್ಕದು. ಪದ ಶುರುವಾಗುವ ಕ್ಷಣಕ್ಕೇ ಎಂಟು ಕಮಾನುಗಳು ಹೊಸ ಸ್ವರವನ್ನು ಒತ್ತಿ ಹಿಡಿದರೆ ಆ ವ್ಯಂಜನ ಹೋಯಿತೆಂದೇ ಲೆಕ್ಕ. ಅದಕ್ಕೇ ಅನುಭವಿಗಳು ಸ್ವರವನ್ನು ಪದಕ್ಕಿಂತ ಮೊದಲೇ ಹಿಡಿದಿಡುತ್ತಾರೆ, ಅಥವಾ ಪದ ಮುಗಿದು ಗಾಯಕ ಒಂದು ಸ್ವರವನ್ನು ಉದ್ದಕ್ಕೆ ಎಳೆಯುವಾಗ ಮಾತ್ರ ತಂತಿಗಳನ್ನು ನಡೆಸುತ್ತಾರೆ.

ಆರಂಭದ ದಾರಿಗಳು

1951ರಲ್ಲಿ ಮಾಂಟೊವಾನಿಯ ವಾದ್ಯವೃಂದಕ್ಕೆ ರೊನಾಲ್ಡ್ ಬಿಂಜ್ ಸಂಯೋಜಿಸಿಕೊಟ್ಟ ‘ಶಾರ್ಮೇನ್’ ಬಹಳ ಜನಪ್ರಿಯವಾಯಿತು. ಪಿಟೀಲುಗಳು ಒಂದರ ಮೇಲೊಂದು ಸ್ವರ ಬಿಟ್ಟುಕೊಡುತ್ತ ಜಲಪಾತದಂತೆ ಇಳಿಯುವ ಶೈಲಿ ಅದು. ಹಾಡುಗಾರನಿಲ್ಲದ ಸಂಗೀತಕ್ಕೆ ಅದು ಒಪ್ಪುತ್ತಿತ್ತು. ಆದರೆ ತಂತಿವಾದ್ಯವೆಂದರೆ ಹೀಗೆಯೇ ಇರಬೇಕು ಎಂಬ ನಂಬಿಕೆ ಬೆಳೆದು, ಮುಂದಿನ ಪೀಳಿಗೆಯ ಪಾಪ್ ಗಾಯಕರಲ್ಲಿ ತಂತಿಯೆಂದರೆ ಅಂಜಿಕೆಯೂ ಹುಟ್ಟಿತು.

ಅಮೆರಿಕದಲ್ಲಿ ನೆಲ್ಸನ್ ರಿಡ್ಲ್ ಬೇರೆ ದಾರಿ ಹಿಡಿದರು. 1956ರಲ್ಲಿ ಫ್ರಾಂಕ್ ಸಿನಾತ್ರಾಗೆ ಅವರು ಸಂಯೋಜಿಸಿದ ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ನಲ್ಲಿ ವಾದ್ಯವೃಂದ ತನ್ನ ಪೂರ್ಣ ಬಲ ತೋರುವುದು ಸಿನಾತ್ರಾ ಸುಮ್ಮನಿರುವ ಜಾಗದಲ್ಲಿ. ಅವರು ಹಾಡುವಾಗ ಅದು ತಗ್ಗಿಕೊಂಡಿರುತ್ತದೆ. ಹಾಡಿನ ಶಿಖರವನ್ನು ಗಾಯನದಿಂದ ಹೊರಗಿಡಬಹುದು ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ. ಬಡ್ಡಿ ಹಾಲಿ 1958ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಇಟ್ ಡಸಂಟ್ ಮ್ಯಾಟರ್ ಎನಿಮೋರ್’ಗೆ ಡಿಕ್ ಜೇಕಬ್ಸ್ ಇನ್ನೂ ಸರಳವಾದ ಉಪಾಯ ಮಾಡಿದರು. ಅಲ್ಲಿ ಪಿಟೀಲುಗಳನ್ನು ಕಮಾನಿನಿಂದ ಎಳೆಯದೆ ಬೆರಳಿನಿಂದ ಮೀಟುತ್ತಾರೆ. ಮೀಟಿದ ಸ್ವರ ಹುಟ್ಟಿದ ಕೂಡಲೇ ಆರಿಹೋಗುವುದರಿಂದ ಹಾಡಿನ ಮಾತಿಗೆ ತಾನಾಗಿಯೇ ದಾರಿಯಾಗುತ್ತದೆ. ಮರುವರ್ಷ ಡ್ರಿಫ್ಟರ್ಸ್ ತಂಡದ ‘ದೇರ್ ಗೋಸ್ ಮೈ ಬೇಬಿ’ ಬಂದ ಮೇಲೆ ರಿದಮ್ ಅಂಡ್ ಬ್ಲೂಸ್ ಹಾಡುಗಳಲ್ಲೂ ತಂತಿವಾದ್ಯ ರೂಢಿಯಾಯಿತು.

‘ಯೆಸ್ಟರ್‌ಡೇ’, 1965

ಈ ಕಸುಬನ್ನು ಕಲಿಯುವವರು ಒಂದೇ ಧ್ವನಿಮುದ್ರಣ ಕೇಳುವುದಾದರೆ ಅದು ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಆಗಬೇಕು. 1965ರ ಜೂನ್ 14ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬರೇ ಗಿಟಾರ್ ನುಡಿಸುತ್ತ ಅದನ್ನು ಹಾಡಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ತಂತಿವಾದ್ಯ ಸೇರಿಸೋಣ ಎಂದಾಗ ಮೆಕಾರ್ಟ್ನಿ ಹಿಂಜರಿದರು. ಮಾಂಟೊವಾನಿಯ ಹಾಗಾದೀತು ಎಂಬುದು ಅವರ ಭಯ. ಮಾರ್ಟಿನ್ ಆಗ ಎರಡು ಪಿಟೀಲು, ಒಂದು ವಯೊಲಾ, ಒಂದು ಸೆಲೊ, ಇಷ್ಟೇ ಇರುವ ಚತುರ್ವಾದ್ಯವನ್ನು ಸೂಚಿಸಿದರು. ಜೂನ್ 17ರಂದು ನಾಲ್ವರು ವಾದಕರು ಬಂದು, ಮೊದಲೇ ಮುದ್ರಿತವಾಗಿದ್ದ ಹಾಡಿನ ಮೇಲೆ ನುಡಿಸಿದರು.

ಮೊದಲ ಚರಣದಲ್ಲಿ ತಂತಿಗಳೇ ಇಲ್ಲ. ಕೇಳುಗರು ಮಟ್ಟನ್ನೂ ಮಾತನ್ನೂ ಒಮ್ಮೆ ಪೂರ್ತಿ ಮನಸ್ಸಿಗೆ ತಂದುಕೊಂಡ ಮೇಲೆ, ಎರಡನೆಯ ಚರಣಕ್ಕೆ ಅವು ಬರುತ್ತವೆ. ಹಾಡಿನಲ್ಲಿ ಬೇಸ್ ಗಿಟಾರ್ ಇಲ್ಲದ್ದರಿಂದ ಸೆಲೊ ಕೆಳಗಿನ ನೆಲೆಯನ್ನು ಹಿಡಿಯುತ್ತದೆ. ಅದು ಮಟ್ಟನ್ನು ಹಿಂಬಾಲಿಸದೆ ಬೇರೊಂದು ಗತಿಯಲ್ಲಿ ಇಳಿಯುತ್ತದೆ. ಗಾಯನ ಮೇಲೇರುವಾಗ ಸೆಲೊ ಕೆಳಗೆ ಸರಿಯುತ್ತಿದ್ದರೆ ಕಿವಿ ಅವೆರಡನ್ನೂ ಬೇರೆ ಬೇರೆ ವ್ಯಕ್ತಿಗಳೆಂದು ಗುರುತಿಸುತ್ತದೆ. ಎರಡೂ ಒಂದೇ ದಿಕ್ಕಿಗೆ ಹೊರಟಾಗಲೇ ಕಲಸಿಹೋಗುವುದು.

ಹಾಡಿನ ಮಧ್ಯಭಾಗ ಎರಡನೆಯ ಸಲ ಬಂದಾಗ ಸೆಲೊ ಒಂದು ಚಿಕ್ಕ ಮಾತು ಆಡುತ್ತದೆ. ಮೆಕಾರ್ಟ್ನಿಯೇ ಸೂಚಿಸಿದ ಪಲುಕು ಅದು. ಹಾಡು ಎಫ್ ಶ್ರುತಿಯಲ್ಲಿದೆ. ಅದನ್ನು ಷಡ್ಜವೆಂದುಕೊಂಡರೆ ಸೆಲೊ ಅಲ್ಲಿ ಕೈಶಿಕಿ ನಿಷಾದವನ್ನು ಮುಟ್ಟುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯ ಚತುರ್ವಾದ್ಯದಲ್ಲಿ ನಿರೀಕ್ಷಿಸದ, ಬ್ಲೂಸ್ ವಾಸನೆಯ ಸ್ವರ ಅದು. ಗಾಯನದ ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಕೂತಿರುವುದರಿಂದ ಎಷ್ಟು ಎದ್ದುಕಂಡರೂ ಒಂದು ಪದವನ್ನೂ ಅದು ಕೆಡಿಸುವುದಿಲ್ಲ.

ಕೊನೆಯ ಚರಣದಲ್ಲಿ ಮೊದಲ ಪಿಟೀಲು ಮೇಲಿನ ‘ಎ’ ಸ್ವರವನ್ನು, ಅಂದರೆ ಆ ಶ್ರುತಿಯ ಅಂತರ ಗಾಂಧಾರವನ್ನು, ಹಿಡಿದು ನಿಲ್ಲುತ್ತದೆ. ಇದೂ ಮೆಕಾರ್ಟ್ನಿಯ ಅಪೇಕ್ಷೆಯೇ. ಅದರ ಎತ್ತರ 880 ಹರ್ಟ್ಸ್. ಆ ಚರಣದಲ್ಲಿ ಅವರ ಧ್ವನಿ ಏರುವುದು ಹೆಚ್ಚೆಂದರೆ 350 ಹರ್ಟ್ಸ್‌ನ ಆಸುಪಾಸಿಗೆ. ನಡುವೆ ಒಂದು ಸ್ಥಾಯಿಗೂ ಮೀರಿದ ಅಂತರವಿದೆ. ಪಿಟೀಲು ಅಲ್ಲಾಡದೆ ನಿಂತಿರುವುದರಿಂದ ಯಾವ ಪದದ ಆರಂಭಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಕೆಳಗಿನ ಕಾರ್ಡ್‌ಗಳು ಬದಲಾಗುತ್ತ ಹೋದಂತೆ ಅದೇ ಸ್ವರ ಒಮ್ಮೆ ನೆಮ್ಮದಿಯಾಗಿ, ಒಮ್ಮೆ ತುಸು ಕಸಿವಿಸಿಯಾಗಿ ಕೇಳುತ್ತದೆ. ಬಿ ಫ್ಲ್ಯಾಟ್ ಕಾರ್ಡ್ ಬಂದಾಗ ಗಮನಿಸಿ, ಆ ಕಸಿವಿಸಿ ಸ್ಪಷ್ಟವಾಗಿ ತಿಳಿಯುತ್ತದೆ. ಒಂದೇ ಸ್ವರದಿಂದ ಇಷ್ಟು ಭಾವ ಹೊರಡಿಸಿದ ಪಾಪ್ ಸಂಯೋಜನೆಗಳು ಹೆಚ್ಚಿಲ್ಲ.

ವೈಬ್ರಾಟೊ, ಅಂದರೆ ಬೆರಳನ್ನು ಅಲುಗಿಸಿ ಸ್ವರವನ್ನು ನಡುಗಿಸುವುದು, ಬೇಡವೆಂದು ಮೆಕಾರ್ಟ್ನಿ ವಾದಕರನ್ನು ಕೇಳಿಕೊಂಡರು. ಜೀವಮಾನವಿಡೀ ಸ್ವರ ನಡುಗಿಸುತ್ತಲೇ ನುಡಿಸಿದ ಬೆರಳುಗಳಿಗೆ ಅದು ಸುಲಭವಾಗಿರಲಿಲ್ಲ. ಕೊನೆಗೆ ಬಹಳ ಕಡಿಮೆ ಮಾಡಿ ನುಡಿಸಿದರು. ನಡುಗುವ ಸ್ವರ ಧ್ವನಿಯ ಸುತ್ತ ಹೆಚ್ಚು ಜಾಗ ಹಿಡಿಯುತ್ತದೆ, ನೇರ ಸ್ವರ ತೆಳ್ಳಗೆ ನಿಲ್ಲುತ್ತದೆ. ಅಲಂಕಾರವಿಲ್ಲದೆ ಹಾಡುವ ಗಾಯಕನ ಪಕ್ಕದಲ್ಲಿ ಇದರ ವ್ಯತ್ಯಾಸ ದೊಡ್ಡದು.

‘ಎಲಿನರ್ ರಿಗ್ಬಿ’, 1966

ಮರುವರ್ಷ ಏಪ್ರಿಲ್ 28ರಂದು, ಬೀಟಲ್ಸ್ ತಂಡದ ಈ ಹಾಡಿಗಾಗಿ ಮಾರ್ಟಿನ್ ನಾಲ್ಕು ಪಿಟೀಲು, ಎರಡು ವಯೊಲಾ, ಎರಡು ಸೆಲೊಗಳಿಗೆ ಬರೆದ ಸಂಯೋಜನೆ ಧ್ವನಿಮುದ್ರಣವಾಯಿತು. ಇಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ, ತಾಳ ಹಿಡಿಯುವ ಕೆಲಸವೂ ತಂತಿಗಳದ್ದೇ. ಸಿನಿಮಾ ಸಂಗೀತಕಾರ ಬರ್ನಾರ್ಡ್ ಹರ್ಮನ್‌ರ ಪ್ರಭಾವ ತಮ್ಮ ಮೇಲಿತ್ತೆಂದು ಮಾರ್ಟಿನ್ ಹೇಳಿದ್ದರು. ಎಂಜಿನಿಯರ್ ಜೆಫ್ ಎಮರಿಕ್ ಮೈಕುಗಳನ್ನು ವಾದ್ಯಗಳ ಮೈಗೆ ತೀರ ಹತ್ತಿರ ಇಟ್ಟರು, ವಾದಕರಿಗೆ ಅದು ಹಿಡಿಸಲಿಲ್ಲ. ಆದರೆ ಕಮಾನು ತಂತಿಯನ್ನು ಕಚ್ಚುವ ಸದ್ದು ಹಾಗೆಯೇ ಸಿಕ್ಕಿತು.

ಎಂಟು ವಾದ್ಯಗಳು ಇಷ್ಟು ಬಿರುಸಾಗಿ ನುಡಿದರೂ ಗಾಯನ ಮುಚ್ಚುವುದಿಲ್ಲ, ಏಕೆಂದರೆ ಕಾರ್ಡ್‌ಗಳನ್ನು ಚಿಕ್ಕದಾಗಿ ಕತ್ತರಿಸಿ ತಾಳದ ಪೆಟ್ಟುಗಳ ಮೇಲೆ ಕೂರಿಸಲಾಗಿದೆ. ಗಾಯನದ ಎಷ್ಟೋ ಪದಗಳು ಆ ಪೆಟ್ಟುಗಳ ಸಂದಿಯಲ್ಲಿ ಬೀಳುತ್ತವೆ. ಕೆಲವು ಕಡೆ ನಡುವಿನ ವಾದ್ಯದ ಒಂದು ಸಾಲು ಅರ್ಧರ್ಧ ಸ್ವರವಾಗಿ ಕೆಳಗಿಳಿಯುತ್ತದೆ. 

ಭಾರತೀಯ ಚಿತ್ರಗೀತೆ

ನಮ್ಮಲ್ಲಿ ಈ ಕಲೆಯನ್ನು ಬೆಳೆಸಿದ್ದು ತಾಂತ್ರಿಕ ಅನಿವಾರ್ಯತೆ. ದಶಕಗಳ ಕಾಲ ಗಾಯಕರೂ ವಾದ್ಯವೃಂದವೂ ಒಟ್ಟಿಗೆ, ಕೆಲವೇ ಮೈಕುಗಳ ಮುಂದೆ ಮುದ್ರಿಸಬೇಕಿತ್ತು. ಪಿಟೀಲು ಜಾಸ್ತಿಯಾಯಿತೆಂದು ಆಮೇಲೆ ಇಳಿಸುವ ಅವಕಾಶ ಇರಲಿಲ್ಲ. ಬರವಣಿಗೆ ಸರಿಯಿಲ್ಲದಿದ್ದರೆ ಹಾಡೇ ಕೆಟ್ಟಂತೆ. ಮುಂಬಯಿಯಲ್ಲಿ ಶಂಕರ್–ಜೈಕಿಶನ್, ಓ.ಪಿ. ನಯ್ಯರ್ ಮೊದಲಾದವರ ಹಾಡುಗಳಿಗೆ ಗೋವಾ ಮೂಲದ ಸೆಬಾಸ್ಟಿಯನ್ ಡಿಸೋಜ ಸ್ಟಾಫ್ ನೊಟೇಶನ್ನಿನಲ್ಲಿ ತಂತಿವಾದ್ಯಗಳನ್ನು ಬರೆದುಕೊಟ್ಟರು. ದೊಡ್ಡ ಪಿಟೀಲು ಗುಂಪಿಗೆ ಎರಡು ಚರಣಗಳ ನಡುವಿನ ಜಾಗ, ಹಾಡಿನ ಸಾಲುಗಳ ಅಡಿಯಲ್ಲಿ ಮೆಲ್ಲನೆ ಹರಿಯುವ ಒಂದು ಎದುರುಮಟ್ಟು, ಇದು ಅಲ್ಲಿ ಗಟ್ಟಿಯಾದ ಪದ್ಧತಿ.

ನಮ್ಮ ಹಾಡುಗಳಲ್ಲಿ ಗಮಕದ ಪ್ರಶ್ನೆ ಬೇರೆಯೇ ಇದೆ. ಗಾಯಕಿ ಗಾಂಧಾರವನ್ನು ತೂಗುವಾಗ ಹತ್ತು ಪಿಟೀಲುಗಳು ಅದೇ ಗಾಂಧಾರವನ್ನು ನೇರವಾಗಿ ಹಿಡಿದರೆ ಗಾಯಕಿಯ ಶ್ರುತಿಯೇ ತಪ್ಪಿದಂತೆ ಕೇಳುತ್ತದೆ. ತಪ್ಪು ಗಾಯಕಿಯದಲ್ಲ. ಅಂಥ ಕಡೆ ತಂತಿಗಳಿಗೆ ಷಡ್ಜ, ಪಂಚಮಗಳಂಥ ಅಚಲ ಸ್ವರಗಳನ್ನು ಕೊಡುವುದೇ ಕ್ಷೇಮ.

ಕನ್ನಡಕ್ಕೆ ಈ ಪರಂಪರೆ ಮದರಾಸಿನ ಸ್ಟುಡಿಯೋಗಳ ಮೂಲಕ ಬಂತು. ಜಿ.ಕೆ. ವೆಂಕಟೇಶ್ ಅವರಿಗೆ ಕನ್ನಡ ಚಿತ್ರಗಳಲ್ಲಿ ಸಹಾಯಕರಾಗಿ ದುಡಿದ ಇಳಯರಾಜ 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವತಂತ್ರ ಸಂಗೀತ ನಿರ್ದೇಶಕರಾದರು. ಮಟ್ಟು ಹಾಕುವವರು ಒಬ್ಬರು, ವಾದ್ಯಗಳಿಗೆ ಬರೆಯುವವರು ಮತ್ತೊಬ್ಬರು ಎಂಬ ವಿಭಜನೆ ಅವರಲ್ಲಿ ಇಲ್ಲವಾಯಿತು. ಪ್ರತಿ ವಾದ್ಯದ ಸ್ವರವನ್ನೂ ಅವರೇ ಬರೆಯುತ್ತಾರೆ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಗಾಯನವೂ ತಂತಿಗಳೂ ಒಂದೇ ಕೈಯಿಂದ ಬಂದವು ಎಂಬುದನ್ನು ಕಿವಿ ಬೇಗ ಗುರುತಿಸುತ್ತದೆ.

ಟ್ರ್ಯಾಕ್‌ಗಳು ಹೆಚ್ಚಿದ ಮೇಲೆ

ಪ್ರತಿ ವಾದ್ಯವನ್ನೂ ಬೇರೆ ಬೇರೆ ಮುದ್ರಿಸುವ ಸೌಲಭ್ಯ ಬಂದ ಬಳಿಕ ಬರವಣಿಗೆಯ ದೋಷವನ್ನು ಮಿಕ್ಸಿಂಗ್‌ನಲ್ಲಿ ಮುಚ್ಚುವ ಅಭ್ಯಾಸ ಬೆಳೆಯಿತು. ಇದು ಸ್ವಲ್ಪ ಮಟ್ಟಿಗೆ ಮಾತ್ರ ನಡೆಯುತ್ತದೆ. ತಂತಿಗಳ ವಾಲ್ಯೂಮ್ ಇಳಿಸಿದರೆ ಡಿಕ್ಕಿ ಮೆಲ್ಲಗಾಗುತ್ತದೆ, ಇಲ್ಲವಾಗುವುದಿಲ್ಲ. ಜೊತೆಗೆ ಕಮಾನಿನ ಬನಿಯೂ ಹೋಗುತ್ತದೆ. ಕಂಪ್ಯೂಟರಿನ ಸ್ಯಾಂಪಲ್ ತಂತಿಗಳಲ್ಲಿ ತಪ್ಪು ಇನ್ನೂ ಸುಲಭ. ಎರಡು ಕೈಯಿಂದ ಕೀಬೋರ್ಡ್ ಒತ್ತಿದ ದಪ್ಪ ಕಾರ್ಡ್ ಗಾಯನದ ಸ್ಥಾಯಿಯಲ್ಲೇ ಕೂತುಬಿಡುತ್ತದೆ.

ದೋಷ ಕಂಡುಹಿಡಿಯಲು ಹಾಡನ್ನು ತೀರ ಸಣ್ಣ ದನಿಯಲ್ಲಿಟ್ಟು ಪಕ್ಕದ ಕೋಣೆಯಿಂದ ಕೇಳಬಹುದು. ತಂತಿಗಳು ಬಂದ ಸಾಲಿನಲ್ಲಿ ಪದ ತಿಳಿಯದೆ, ಅವು ಇಲ್ಲದ ಸಾಲಿನಲ್ಲಿ ತಿಳಿದರೆ ತೊಂದರೆ ಬರವಣಿಗೆಯಲ್ಲೇ ಇದೆ. ಮೊದಲು ವಯೊಲಾದ ಸಾಲನ್ನು ತೆಗೆದು ಕೇಳಬೇಕು, ಗಾಯನದ ಎತ್ತರಕ್ಕೆ ಹೆಚ್ಚಾಗಿ ಬರುವುದು ಅದೇ. ಅದು ಸಾಲದಿದ್ದರೆ ಎರಡನೆಯ ಪಿಟೀಲನ್ನು ಒಂದು ಸ್ಥಾಯಿ ಮೇಲಕ್ಕೆ ಕಳಿಸಬೇಕು. ಅದಕ್ಕೂ ಸರಿಹೋಗದಿದ್ದರೆ ಆ ಸಾಲಿನಲ್ಲಿ ತಂತಿಗಳಿಗೆ ವಿರಾಮ ಬರೆಯುವುದೊಂದೇ ಉಳಿಯುತ್ತದೆ.