ನಾಲಗೆಯಡಿಯ ಮಾತ್ರೆ: ಒಂದು ಪುಟ್ಟ ಸೀಸೆಯ ಚರಿತ್ರೆ, ಐದು ನಿಮಿಷದ ಲೆಕ್ಕ

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬೆಳಿಗ್ಗೆ ಹತ್ತುವ ಹಿರಿಯರಲ್ಲಿ ಕೆಲವರ ಜೇಬಿನಲ್ಲಿ ಮೊಬೈಲು, ಕರವಸ್ತ್ರದ ಜೊತೆಗೆ ಮಾತ್ರೆಯ ಒಂದು ತುಂಡು ಪಟ್ಟಿಯೂ ಇರುತ್ತದೆ. ಮೈಸೂರಿನ ಮನೆಗಳಲ್ಲಿ ಅದಕ್ಕೆ ‘ಸಾರ್ಬಿಟ್ರೇಟ್’ ಎಂಬ ಹೆಸರೇ ರೂಢಿ. ‘ನಾಲಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ’ ಎಂದರೂ ಎಲ್ಲರಿಗೂ ಗೊತ್ತಾಗುತ್ತದೆ. ಅದರ ಒಳಗಿರುವುದು ಐಸೋಸಾರ್ಬೈಡ್ ಡೈನೈಟ್ರೇಟ್. ಅದರ ಅಣ್ಣನಂಥ ಔಷಧ ನೈಟ್ರೋಗ್ಲಿಸರಿನ್. ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು, ಎಲ್ಲಿಡಬೇಕು, ಯಾವಾಗ ಅದನ್ನು ನಂಬುವುದು ಬಿಟ್ಟು ಆಂಬುಲೆನ್ಸ್ ಕರೆಯಬೇಕು ಎಂಬ ಮೂರು ನಿಯಮಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ಕಾಲದ ಅನುಭವವಿದೆ. ಮೊದಲೆರಡು ನಮ್ಮ ಊರಿಗೆ ಅಷ್ಟಿಷ್ಟು ತಲುಪಿವೆ. ಮೂರನೆಯದರ ಹಳೆಯ ರೂಪವೇ ಇನ್ನೂ ಚಲಾವಣೆಯಲ್ಲಿದೆ ಎಂಬುದು ಈ ಲೇಖನದ ವಾದ.

ಬೆಟ್ಟ ಹತ್ತುವಾಗ ಎದೆ ಬಿಗಿದು, ನಿಂತರೆ ಬಿಟ್ಟುಹೋಗುವ ನೋವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. ಅವರು 1768ರಲ್ಲಿ ಓದಿದ ಪ್ರಬಂಧ 1772ರಲ್ಲಿ ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಏರು ದಾರಿಯಲ್ಲಿ, ಊಟವಾದ ಮೇಲೆ ನೋವು ಬರುತ್ತದೆ, ನಿಂತ ಕೂಡಲೇ ಹೋಗುತ್ತದೆ ಎಂದು ಅವರು ಗುರುತಿಸಿದ್ದರು. ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟವರೂ ಅವರೇ. ಕಾಯಿಲೆಗೆ ಹೆಸರು ಸಿಕ್ಕಿತು, ಔಷಧ ಸಿಗಲು ನೂರು ವರ್ಷ ಹಿಡಿಯಿತು.

ಆ ಔಷಧ ಬಂದದ್ದು ಸಿಡಿಮದ್ದಿನ ದಾರಿಯಲ್ಲಿ. 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೋ ಸೊಬ್ರೆರೊ ನೈಟ್ರೋಗ್ಲಿಸರಿನ್ ತಯಾರಿಸಿದರು. ಒಂದಿಷ್ಟು ನಾಲಗೆಗೆ ಸೋಕಿಸಿದರೂ ತಲೆ ಸಿಡಿಯುತ್ತದೆ ಎಂದು ಅವರೇ ಬರೆದಿಟ್ಟರು. 1858ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಫೀಲ್ಡ್ ಎಂಬ ವೈದ್ಯರು ಅದರ ತೆಳು ದ್ರಾವಣದಿಂದ ನೋವು ಶಮನವಾಗುತ್ತದೆ ಎಂದರು. ಬೇರೆಯವರು ತಾವೂ ಸೇವಿಸಿ ನೋಡಿ, ಏನೂ ಆಗಲಿಲ್ಲ ಎಂದರು. ಜಗಳ ಅಲ್ಲಿಗೇ ನಿಂತಿತು. ಇಪ್ಪತ್ತು ವರ್ಷ ಕಳೆದ ಮೇಲೆ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ವಿಲಿಯಂ ಮರೆಲ್, ಯಾರು ಸರಿ ಎಂದು ನೋಡಲು ಶೇ 1ರ ದ್ರಾವಣದಲ್ಲಿ ಒದ್ದೆಯಾಗಿದ್ದ ಬಿರಟೆಯನ್ನು ನೆಕ್ಕಿದರು. ಸ್ವಲ್ಪ ಹೊತ್ತಿಗೆ ಅವರ ತಲೆಯಲ್ಲಿ, ಮೈಯಲ್ಲಿ ನಾಡಿ ಬಡಿಯತೊಡಗಿತು, ಕೈಯಲ್ಲಿದ್ದ ಲೇಖನಿ ಕೂಡ ಬಡಿತಕ್ಕೆ ತಕ್ಕಂತೆ ಕುಣಿಯಿತಂತೆ. ಆಮೇಲೆ ಹತ್ತಾರು ಬಾರಿ ತಮ್ಮ ಮೇಲೆ, ಮತ್ತೆ 35 ಜನರ ಮೇಲೆ ಪರೀಕ್ಷಿಸಿ, 1879ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಿಗಾಗಿ ವಿಲಿಯಂ ಮಾರ್ಟಿಂಡೇಲ್ ಎಂಬ ಔಷಧ ತಯಾರಕರು ಚಾಕೊಲೆಟ್ಟಿನಲ್ಲಿ ಒಂದು ಗ್ರೇನಿನ ನೂರನೇ ಒಂದು ಪಾಲು ಬೆರೆಸಿ ಬಿಲ್ಲೆ ಮಾಡಿಕೊಟ್ಟರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 0.6 ಮಿಲಿಗ್ರಾಂ. ಇವತ್ತಿನ ನೈಟ್ರೋಗ್ಲಿಸರಿನ್ ಮಾತ್ರೆಗಳು 0.3, 0.4, 0.6 ಎಂಬ ವಿಚಿತ್ರ ಅಳತೆಗಳಲ್ಲಿ ಇರುವುದು ಆ ಗ್ರೇನಿನ ಭಿನ್ನರಾಶಿಗಳ ಪಳೆಯುಳಿಕೆ.

ಡೈನಮೈಟ್ ಮಾಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ವೈದ್ಯರು ಈ ಔಷಧ ಬರೆದುಕೊಟ್ಟ ಕಥೆ ಪ್ರಸಿದ್ಧ. ಅದನ್ನು ಬಿಟ್ಟು ಮುಂದೆ ಹೋಗೋಣ. ಅದಕ್ಕಿಂತ ಮುಖ್ಯವಾದದ್ದು ನಾಲಗೆಯಡಿ ಎಂಬ ಜಾಗ. ನುಂಗಿದ ನೈಟ್ರೋಗ್ಲಿಸರಿನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಬಹುಪಾಲು ಒಡೆದುಹೋಗಿ, ಹೃದಯ ತಲುಪುವಷ್ಟರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಾಲಗೆಯಡಿಯ ತೆಳು ಪೊರೆಯ ರಕ್ತನಾಳಗಳು ಯಕೃತ್ತನ್ನು ತಪ್ಪಿಸಿ ಸಾಗುತ್ತವೆ. ಹಾಗಾಗಿ ನೈಟ್ರೋಗ್ಲಿಸರಿನ್ ಒಂದರಿಂದ ಮೂರು ನಿಮಿಷದಲ್ಲಿ, ಡೈನೈಟ್ರೇಟ್ ಅದಕ್ಕಿಂತ ಸ್ವಲ್ಪ ತಡವಾಗಿ ಕೆಲಸ ಶುರುಮಾಡುತ್ತದೆ. ರಕ್ತನಾಳಗಳು, ಅದರಲ್ಲೂ ಸಿರೆಗಳು ಸಡಿಲಗೊಂಡು ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಅದರ ಹೊರೆ ಇಳಿಯುತ್ತದೆ. ಜೊತೆಗೆ ರಕ್ತದೊತ್ತಡವೂ ಇಳಿಯುತ್ತದೆ. ಆದ್ದರಿಂದ ನಿಂತುಕೊಂಡು ತೆಗೆದುಕೊಂಡರೆ ಕಣ್ಣು ಕತ್ತಲೆ ಬಂದು ಬೀಳುವುದುಂಟು. ಕುಳಿತುಕೊಳ್ಳಬೇಕು. ಬಾಯಿ ಒಣಗಿದ್ದರೆ ಒಂದು ಗುಟುಕು ನೀರಿನಿಂದ ಒದ್ದೆ ಮಾಡಿಕೊಂಡು, ಮಾತ್ರೆಯನ್ನು ನಾಲಗೆಯಡಿ ಇಟ್ಟು ಸುಮ್ಮನಿರಬೇಕು. ನುಂಗಬಾರದು, ಕರಗುವ ತನಕ ಏನನ್ನೂ ಕುಡಿಯಬಾರದು. ಗಡಿಯಾರ ನೋಡಿ ಹೊತ್ತು ನೆನಪಿಟ್ಟುಕೊಳ್ಳುವುದನ್ನೂ ಚಿಕಿತ್ಸೆಯ ಭಾಗ ಎಂದೇ ತಿಳಿಯಬೇಕು. ತಲೆನೋವು ಬಂದರೆ ಹೆದರಬೇಕಿಲ್ಲ. ಸೊಬ್ರೆರೊಗೆ ಬಂದದ್ದೇ ಅದು.

ಇಲ್ಲಿ ಆಗುವ ಒಂದು ತಪ್ಪು ಹೆಸರಿನದು. ಇದೇ ಕುಟುಂಬದ 2.6 ಮಿಲಿಗ್ರಾಂ ನೈಟ್ರೋಗ್ಲಿಸರಿನ್ ಮಾತ್ರೆಗಳೂ ಐಸೋಸಾರ್ಬೈಡ್ ಮಾನೋನೈಟ್ರೇಟೂ ಬೆಳಿಗ್ಗೆ ನುಂಗುವ, ನಿಧಾನವಾಗಿ ಕೆಲಸ ಮಾಡುವ ಔಷಧಗಳು. ನೋವು ಬಂದಾಗ ಅವನ್ನು ನಾಲಗೆಯಡಿ ಇಟ್ಟುಕೊಂಡು ಕಾಯುವವರಿದ್ದಾರೆ. ಡಬ್ಬಿಯ ಮೇಲೆ ‘ನುಂಗಲು’, ‘ನಾಲಗೆಯಡಿ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿದರೆ ಈ ಗೊಂದಲ ತೀರುತ್ತದೆ.

ಇನ್ನು ಸೀಸೆ. ನೈಟ್ರೋಗ್ಲಿಸರಿನ್ ಮೂಲತಃ ಎಣ್ಣೆಯಂಥ ದ್ರವ. ಮಾತ್ರೆಯಲ್ಲಿ ಬಂಧಿಯಾಗಿದ್ದರೂ ನಿಧಾನಕ್ಕೆ ಆವಿಯಾಗುತ್ತದೆ. ಆ ಆವಿಯನ್ನು ಪ್ಲಾಸ್ಟಿಕ್, ಹತ್ತಿ, ಕಾಗದಗಳು ಹೀರಿಕೊಳ್ಳುತ್ತವೆ. ಮಾತ್ರೆ ಅಲುಗಾಡದಿರಲಿ ಎಂದು ಸೀಸೆಗೆ ತುರುಕುತ್ತಿದ್ದ ಹತ್ತಿಯೇ ಔಷಧವನ್ನು ಕದಿಯುತ್ತಿತ್ತು ಎಂಬುದು ಗೊತ್ತಾದದ್ದು ಬಹಳ ತಡವಾಗಿ. ಅಮೆರಿಕದ ಔಷಧ ಆಡಳಿತ 1972ರಲ್ಲಿ ಈ ಮಾತ್ರೆಗಳನ್ನು ಬಿಗಿಯಾದ ಲೋಹದ ಮುಚ್ಚಳವಿರುವ ಗಾಜಿನ ಸೀಸೆಯಲ್ಲೇ ಕೊಡಬೇಕು ಎಂದು ನಿಯಮ ಮಾಡಿತು. ನೋವಿನ ಹೊತ್ತಲ್ಲಿ ಸತ್ವ ಹೋದ ಮಾತ್ರೆ ಕೈಗೆ ಬಂದರೆ ರೋಗಿಗೆ ಅದು ತಿಳಿಯುವ ದಾರಿಯೇ ಇಲ್ಲ. ನಾಲಗೆ ಚುರುಗುಟ್ಟಿದರೆ ಮಾತ್ರೆ ಸರಿಯಿದೆ ಎಂಬ ಹಳೆಯ ಪರೀಕ್ಷೆಯನ್ನೂ ನಂಬುವಂತಿಲ್ಲ.

ಮೈಸೂರಿನಲ್ಲಿ ಹೆಚ್ಚಾಗಿ ಸಿಗುವ ಡೈನೈಟ್ರೇಟ್ ಮಾತ್ರೆ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಪಟ್ಟಿಯಲ್ಲೇ ಬರುತ್ತದೆ. ಹಾಗೆಂದು ನಿಶ್ಚಿಂತೆಯಿಲ್ಲ. ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಾಗ ಅವಧಿ ಮುಗಿಯುವ ದಿನಾಂಕ ಅಂಗಡಿಯವನ ತುಂಡಿನಲ್ಲೇ ಉಳಿದುಬಿಡುತ್ತದೆ. ಪಟ್ಟಿಯಿಂದ ಬಿಡಿಸಿ ಕುಂಕುಮದ ಭರಣಿಯಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ಇಡುವುದು, ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಡುವುದು, ಬೆವರಿಗೆ ಒದ್ದೆಯಾಗುವ ಅಂಗಿಯ ಜೇಬಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು, ಎಲ್ಲವೂ ಕಣ್ಣಿಗೆ ಬೀಳುವ ಅಭ್ಯಾಸಗಳೇ. ಪಟ್ಟಿ ಇಡಿಯಾಗಿ ಕೊಳ್ಳಿ. ದಿನಾಂಕವಿರುವ ತುದಿಯನ್ನು ಕೊನೆಯಲ್ಲಿ ಒಡೆಯಿರಿ. ಬೀಗ ಹಾಕಿದ ಬೀರುವಿನಲ್ಲಿ ಇಡಬೇಡಿ. ಗಾಜಿನ ಸೀಸೆಯ ಮಾತ್ರೆಯಾದರೆ ಮುಚ್ಚಳ ತೆಗೆದ ದಿನವನ್ನು ಸೀಸೆಯ ಮೇಲೆ ಬರೆದು, ಎಷ್ಟು ದಿನ ಬಳಸಬಹುದು ಎಂದು ಔಷಧದಂಗಡಿಯಲ್ಲಿ ಕೇಳಿ.

ಈಗ ಮೂರನೆಯ ನಿಯಮ. ‘ಐದೈದು ನಿಮಿಷಕ್ಕೊಂದರಂತೆ ಮೂರು ಮಾತ್ರೆ, ಆಮೇಲೂ ನೋವಿದ್ದರೆ ಆಸ್ಪತ್ರೆ’ ಎಂಬ ಹದಿನೈದು ನಿಮಿಷದ ಸೂತ್ರವನ್ನು ವೈದ್ಯರೇ ದಶಕಗಳ ಕಾಲ ಹೇಳಿಕೊಟ್ಟರು. ಹೃದಯಾಘಾತಕ್ಕೆ ಮಾಡುವುದೇ ಕಡಿಮೆಯಿದ್ದ ಕಾಲದಲ್ಲಿ ಅದು ಅಂಥ ತಪ್ಪೂ ಆಗಿರಲಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಬಂದ ಮೇಲೆ ಕಾಯುವ ಒಂದೊಂದು ನಿಮಿಷಕ್ಕೂ ಬೆಲೆ ಬಂತು. 2004ರ ಅಮೆರಿಕದ ಹೃದ್ರೋಗ ತಜ್ಞರ ಮಾರ್ಗಸೂಚಿ ಸೂತ್ರವನ್ನು ಬದಲಿಸಿತು: ಒಂದೇ ಮಾತ್ರೆ, ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ ಅಥವಾ ಹೆಚ್ಚಾದರೆ ತಕ್ಷಣ ತುರ್ತು ಕರೆ.

ಬದಲಾವಣೆಗೆ ಇನ್ನೊಂದು ಕಾರಣವೂ ಇತ್ತು. ಈ ಮಾತ್ರೆ ನೋವನ್ನು ಇಳಿಸುತ್ತದೆ, ಹೆಪ್ಪನ್ನು ಕರಗಿಸುವುದಿಲ್ಲ. 1995ರಲ್ಲಿ ಪ್ರಕಟವಾದ ‘ಐಸಿಸ್-4’ ಎಂಬ ಪ್ರಯೋಗದಲ್ಲಿ ಹೃದಯಾಘಾತವಾಯಿತೆಂದು ಶಂಕೆಯಿದ್ದ 58 ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ತಿಂಗಳು ನೈಟ್ರೇಟ್ ಕೊಟ್ಟರೂ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ. ನೋವು ಇಳಿಯಿತು ಎಂಬುದು, ಅದು ಹೃದಯದ್ದೇ ನೋವು ಎಂಬುದಕ್ಕೂ ಸಾಕ್ಷಿಯಲ್ಲ. 2003ರ ಒಂದು ಅಧ್ಯಯನದಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಶೇ 35 ಜನಕ್ಕೆ ಈ ಔಷಧದಿಂದ ನೋವು ಹೋಯಿತು, ಇಲ್ಲದವರಲ್ಲಿ ಶೇ 41 ಜನಕ್ಕೆ! ‘ಮಾತ್ರೆಗೆ ಹೋಯ್ತು, ಆದ್ದರಿಂದ ಹಾರ್ಟು’, ‘ಮಾತ್ರೆಗೆ ಹೋಗ್ಲಿಲ್ಲ, ಆದ್ದರಿಂದ ಗ್ಯಾಸು’ ಎಂಬ ನಮ್ಮ ಜಗುಲಿ ತರ್ಕ ಎರಡು ಕಡೆಯಿಂದಲೂ ಮುರಿಯುತ್ತದೆ.

ಮೈಸೂರಿಗೆ ಈ ಚರ್ಚೆ ಹೊರಗಿನದಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಜೋಪಾನವಾಗಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ನಡುವಯಸ್ಸಿನಲ್ಲಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಜನಕ್ಕೆ, ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಶೇ 3 ಜನಕ್ಕೆ ಹೃದ್ರೋಗ ಕಂಡಿತು. ವರದಿ ಬಂದದ್ದು 1996ರಲ್ಲಿ, ಮರೆಲ್ ಬರೆದ ಅದೇ ‘ಲ್ಯಾನ್ಸೆಟ್’ನಲ್ಲಿ. ಕೃಷ್ಣರಾಜೇಂದ್ರ ಆಸ್ಪತ್ರೆಯ ಆವರಣದಲ್ಲಿ ಶುರುವಾಗಿ ಈಗ ಕೆಆರ್‌ಎಸ್ ರಸ್ತೆಯಲ್ಲಿರುವ ಜಯದೇವ ಸಂಸ್ಥೆ, 2008ರಿಂದ ಓಡುತ್ತಿರುವ 108 ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ: ಹದಿನೈದು ನಿಮಿಷ ಕಾಯುವುದು ಎಷ್ಟು ದುಬಾರಿ ಎಂದು ತಿಳಿಯಲು ಇವು ಸಾಕು.

ಕಲ್ಪಿತ ಪ್ರಸಂಗವೊಂದನ್ನು ನೋಡೋಣ. ಅರವತ್ತೆರಡು ವರ್ಷದ ನಿವೃತ್ತ ಮೇಷ್ಟ್ರು. ಆಂಜೈನಾ ಇದೆಯೆಂದು ಗೊತ್ತು, ವೈದ್ಯರು 5 ಮಿಲಿಗ್ರಾಂ ಡೈನೈಟ್ರೇಟ್ ಬರೆದಿದ್ದಾರೆ. ಒಂದು ಬೆಳಿಗ್ಗೆ 6:40ಕ್ಕೆ ಬೆಟ್ಟದ ಮೆಟ್ಟಿಲ ಮೇಲೆ ಎಂದಿನ ಬಿಗಿತ. ಕುಳಿತರು, ಮಾತ್ರೆ ಇಟ್ಟುಕೊಂಡರು, 6:44ಕ್ಕೆ ನೋವು ಹೋಯಿತು. ಅವರಿಗೆ ಪರಿಚಯದ ನೋವು, ಪರಿಚಯದ ಹೊತ್ತು. ಇಳಿದು ಮನೆಗೆ ಹೋಗಿ, ವೈದ್ಯರ ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಇಂಥ ನೋವಿಗೆ ಎರಡನೆಯ ಮಾತ್ರೆ ಬೇಕಾಗಬಹುದೇ ಎಂಬುದನ್ನು ಅವರ ವೈದ್ಯರು ಮೊದಲೇ ಹೇಳಿರಬೇಕು.

ಮೂರು ವಾರದ ಮೇಲೆ ನಸುಕಿನ 4:10. ಹಾಸಿಗೆಯಲ್ಲೇ ನೋವು, ದವಡೆಗೆ ಹಬ್ಬಿದೆ, ಬನಿಯನ್ ಬೆವರಿಗೆ ತೊಯ್ದಿದೆ. ‘ರೀ, ಎದ್ದು ಕೂತ್ಕೊಳ್ಳಿ’ ಎಂದು ಹೆಂಡತಿ ಕೂರಿಸಿ, ಮಾತ್ರೆ ಇಡಿಸಿ, 108ಕ್ಕೆ ಫೋನ್ ಮಾಡಿದರು. ಬೆಂಗಳೂರಿನಿಂದ ಮಗ ಹೇಳಿದ್ದು: ‘ಅಮ್ಮಾ, ಇನ್ನೆರಡು ಕೊಟ್ಟು ಹದಿನೈದು ನಿಮಿಷ ನೋಡು.’ ಮಗನ ಬಾಯಲ್ಲಿದ್ದದ್ದು ಹಳೆಯ ಸೂತ್ರ. ಕೆಲಸವಿಲ್ಲದೆ ಬಂದ ನೋವು, ಬೆವರು, ಉಸಿರುಕಟ್ಟುವುದು, ಮೊದಲ ಸಲದ ನೋವು, ಇವಕ್ಕೆ ಐದು ನಿಮಿಷವನ್ನೂ ಕಾಯಬೇಕಿಲ್ಲ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. ಆಕೆ ಮಗನ ಮಾತಿಗೆ ಇನ್ನೆರಡು ಮಾತ್ರೆ ಕೊಟ್ಟಿದ್ದರೆ, ಮೊದಲೇ ಕುಸಿಯುತ್ತಿದ್ದ ರಕ್ತದೊತ್ತಡ ಇನ್ನೂ ಕುಸಿಯುವ ಅಪಾಯವಿತ್ತು. ಹೃದಯದ ಬಲಭಾಗಕ್ಕೆ ಆಘಾತವಾದವರಲ್ಲಿ ಅದು ಇನ್ನೂ ಹೆಚ್ಚು.

ಆಂಬುಲೆನ್ಸಿನ ಸಿಬ್ಬಂದಿ ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ ಮೇಷ್ಟ್ರು ಸಂಕೋಚಪಟ್ಟರು: ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಂಡಿದ್ದೀರಾ? ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆಯೊಳಗೆ, ಟಡಾಲಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಬಿದ್ದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಎರಡೂ ನೈಟ್ರಿಕ್ ಆಕ್ಸೈಡ್ ಎಂಬ ಒಂದೇ ಅನಿಲದ ಹಾದಿಯಲ್ಲಿ ಕೆಲಸ ಮಾಡುವುದರಿಂದ ಹೀಗೆ. ಆ ಅನಿಲದ ಪಾತ್ರ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1998ರಲ್ಲಿ, ಸಿಲ್ಡೆನಾಫಿಲ್ ಅಮೆರಿಕದ ಮಾರುಕಟ್ಟೆಗೆ ಬಂದ ವರ್ಷದಲ್ಲೇ. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಹೆಂಡತಿ ಕೈಯಲ್ಲಿದ್ದ ಚೀಟಿ ಕೊಟ್ಟರು: ನೋವು 4:10, ಮಾತ್ರೆ 4:12, ಫೋನ್ 4:13.