ಡ್ಯಾಶ್‌ಬೋರ್ಡಿನ ಚಿತ್ರ, ಬಣ್ಣ, ಜಾಗ

ವ್ಯಾಪಾರದ ಅಂಕಿಗಳನ್ನು ಚಿತ್ರ ಬಿಡಿಸಿ ತೋರಿಸುವ ಪದ್ಧತಿ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ಆಮದು-ರಫ್ತುಗಳನ್ನು ಗೆರೆಗಳಲ್ಲಿ, ಕಂಬಗಳಲ್ಲಿ ತೋರಿಸಿದ. 1801ರಲ್ಲಿ ಪೈ ಚಾರ್ಟ್ ತಂದವನೂ ಅವನೇ. ಇವುಗಳಲ್ಲಿ ಯಾವುದನ್ನು ಕಣ್ಣು ಸರಿಯಾಗಿ ಓದುತ್ತದೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 1984ರಲ್ಲಿ, ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಪ್ರಯೋಗಗಳಿಂದ. ಒಂದೇ ತಳದ ಮೇಲೆ ನಿಂತ ಕಂಬಗಳನ್ನು ಜನ ಚೆನ್ನಾಗಿ ಹೋಲಿಸುತ್ತಾರೆ, ಕೋನಗಳಲ್ಲಿ ಎಡವುತ್ತಾರೆ.

ಇದನ್ನು ಒಂದು ಮಾರಾಟದ ಡ್ಯಾಶ್‌ಬೋರ್ಡಿಗೆ ಹಚ್ಚಿ ನೋಡೋಣ. ಆರು ವಿಭಾಗಗಳ ಪೈ ಚಾರ್ಟ್ ಇದೆ. ಹುಬ್ಬಳ್ಳಿಯದು ಶೇ 18, ಮೈಸೂರಿನದು ಶೇ 20 ಎಂದಿಟ್ಟುಕೊಳ್ಳಿ. ಪಕ್ಕದ ಅಂಕಿ ಓದದೆ ಯಾವುದು ದೊಡ್ಡದೆಂದು ಹೇಳುವುದು ಕಷ್ಟ. ಅಂಕಿಯನ್ನೇ ಓದಬೇಕಾದರೆ ಚಿತ್ರದ ಕೆಲಸವೇನು? ಅದೇ ಆರನ್ನು ದೊಡ್ಡದರಿಂದ ಚಿಕ್ಕದಕ್ಕೆ ಅಡ್ಡಪಟ್ಟಿಗಳಾಗಿ ಜೋಡಿಸಿದರೆ ವ್ಯತ್ಯಾಸ ಒಂದೇ ನೋಟಕ್ಕೆ ಕಾಣುತ್ತದೆ.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಭೂಪಟ ತಜ್ಞೆ ಸಿಂಥಿಯಾ ಬ್ರೂವರ್ ಭೂಪಟಗಳಿಗಾಗಿ ರೂಪಿಸಿದ ‘ಕಲರ್‌ಬ್ರೂವರ್’ ಬಣ್ಣಗಳನ್ನು ಕೆಲಸಕ್ಕೆ ತಕ್ಕಂತೆ ಬೇರ್ಪಡಿಸಿತು: ಹೆಚ್ಚು-ಕಡಿಮೆ ತೋರಿಸಲು ಒಂದು ಬಗೆ, ಬೇರೆ ಬೇರೆ ವರ್ಗಗಳನ್ನು ಗುರುತಿಸಲು ಇನ್ನೊಂದು. ಡ್ಯಾಶ್‌ಬೋರ್ಡುಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಮಂಗಳೂರು ವಿಭಾಗಕ್ಕೆ ಕೆಂಪು ಕೊಟ್ಟು, ಗುರಿ ತಪ್ಪಿದ್ದಕ್ಕೂ ಕೆಂಪನ್ನೇ ಬಳಸಿದರೆ, ಮಂಗಳೂರಿನವರು ಪ್ರತಿ ತಿಂಗಳೂ ಸೋತಂತೆ ಕಾಣುತ್ತಾರೆ. ಕೆಲವು ತಂತ್ರಾಂಶಗಳು ಪಟ್ಟಿಯ ಕ್ರಮದಲ್ಲಿ ಬಣ್ಣ ಹಂಚುತ್ತವೆ. ಅಲ್ಲಿ ಫಿಲ್ಟರ್ ಹಾಕಿ ಒಂದು ವಿಭಾಗ ತೆಗೆದೊಡನೆ ಉಳಿದವುಗಳ ಬಣ್ಣ ಬದಲಾಗುತ್ತದೆ, ನಿನ್ನೆಯ ನೀಲಿ ಇವತ್ತು ಬೇರೆ ಊರು. ಆದ್ದರಿಂದ ಪ್ರತಿ ವಿಭಾಗಕ್ಕೂ ಬಣ್ಣವನ್ನು ಖಾಯಂ ಮಾಡಬೇಕು. ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಕೆಂಪು-ಹಸಿರು ಬೇರ್ಪಡಿಸುವುದು ಕಷ್ಟ, ನಮ್ಮಲ್ಲೂ ಅಂಥವರಿದ್ದಾರೆ. ಸೋಲು-ಗೆಲುವನ್ನು ಆ ಎರಡು ಬಣ್ಣಗಳಿಗಷ್ಟೇ ಬಿಡಬಾರದು.

ಒಂದು ಪರದೆಯಲ್ಲಿ ಎಷ್ಟು ತುಂಬಬೇಕು ಎಂಬ ಚರ್ಚೆಯನ್ನು ಎಡ್ವರ್ಡ್ ಟಫ್ಟಿ 1983ರಲ್ಲಿ ಬೆಳೆಸಿದರು: ಶಾಯಿ ಮಾಹಿತಿಗೆ ಖರ್ಚಾಗಲಿ, ಅಲಂಕಾರಕ್ಕಲ್ಲ. 2006ರಲ್ಲಿ ಸ್ಟೀಫನ್ ಫ್ಯೂ ಇದನ್ನು ಡ್ಯಾಶ್‌ಬೋರ್ಡಿಗೆ ತಂದು, ಎಲ್ಲವೂ ಒಂದೇ ಪರದೆಯಲ್ಲಿ ಕಾಣಬೇಕೆಂದರು. ಕಾರಿನ ಮೀಟರ್‌ನಂಥ ಗುಂಡು ಗೇಜ್‌ಗಳ ಬದಲು ಅವರು ರೂಪಿಸಿದ್ದು ಬುಲೆಟ್ ಗ್ರಾಫ್: ಒಂದು ತೆಳು ಪಟ್ಟಿ, ಗುರಿಗೊಂದು ಅಡ್ಡಗೆರೆ, ಹಿಂದೆ ತಿಳಿ-ಗಾಢ ಛಾಯೆಗಳು. ಒಂದು ಗೇಜ್ ತಿನ್ನುವ ಜಾಗದಲ್ಲಿ ಇಂಥ ಹಲವು ಹಿಡಿಸುತ್ತವೆ.

ಆದರೆ ಒಂದೇ ಪರದೆ ಎಂಬ ಹಟಕ್ಕೆ ಅಕ್ಷರ ಕುಗ್ಗಿಸುವುದೂ ತಪ್ಪು. ನನ್ನ ಮಟ್ಟಿಗೆ ದಟ್ಟಣೆಯ ದೋಷ ಅಂಕಿಗಳ ಸಂಖ್ಯೆಯಲ್ಲಿಲ್ಲ, ಹೋಲಿಕೆಯಿಲ್ಲದ ಅಂಕಿಗಳಲ್ಲಿದೆ. ‘ಮಾರಾಟ 4.2 ಕೋಟಿ’ ಎಂದು ದಪ್ಪಕ್ಷರದಲ್ಲಿ ಬರೆದರೆ ಮ್ಯಾನೇಜರ್ ಏನೂ ನಿರ್ಧರಿಸಲಾರರು. ಅಷ್ಟೇ ಜಾಗದಲ್ಲಿ ಗುರಿ 4.8 ಕೋಟಿ ಎಂದೂ ಹನ್ನೆರಡು ತಿಂಗಳ ಸಣ್ಣ ಗೆರೆಯನ್ನೂ ಸೇರಿಸಿದರೆ, ಕುಸಿತ ಈ ತಿಂಗಳದೋ ಆರು ತಿಂಗಳದೋ ಗೊತ್ತಾಗುತ್ತದೆ.

ಮುಂದಿನ ಸಭೆಗೆ ಮೊದಲು ನಿಮ್ಮ ಡ್ಯಾಶ್‌ಬೋರ್ಡನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಯಾವ ವಿಭಾಗ ಗುರಿ ತಪ್ಪಿದೆ ಎಂಬುದು ಆಗಲೂ ತಿಳಿಯಬೇಕು.