ಹತ್ತು ವರ್ಷದ ಗೆರೆ

ದಾಂಪತ್ಯವನ್ನು ವರ್ಷಗಳಲ್ಲಿ ಅಳೆಯಬಹುದೆ? ಗೃಹಸ್ಥರಾದವರು ಯಾರೂ ಅಂಥ ಲೆಕ್ಕಕ್ಕೆ ಹೋಗುವುದಿಲ್ಲ. ಆದರೆ ಅಮೆರಿಕದ ಸರ್ಕಾರ ಅಳೆಯುತ್ತದೆ. ಹತ್ತು ವರ್ಷ ಸಂಸಾರ ಮಾಡಿ ವಿಚ್ಛೇದನ ಪಡೆದ ಹೆಂಗಸಿಗೆ ಹಳೆಯ ಗಂಡನ ನಿವೃತ್ತಿ ಹಣದ ಲೆಕ್ಕದಲ್ಲಿ ಒಂದು ಹಕ್ಕುಂಟು. ಒಂಬತ್ತು ವರ್ಷ ಹನ್ನೊಂದು ತಿಂಗಳು ಮಾಡಿದವಳಿಗೆ ಏನೂ ಇಲ್ಲ. ಈ ಹತ್ತು ಎಂಬ ಅಂಕಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನನಗೆ ಕಂಡದ್ದು ಬರಿಯ ಕಾಯಿದೆಯ ಇತಿಹಾಸವಲ್ಲ. ಮನೆಯಲ್ಲಿ ದುಡಿದವಳ ದುಡಿಮೆಗೆ ಬೆಲೆ ಕಟ್ಟಲು ಒಂದು ದೇಶ ಪಟ್ಟ ಪಾಡು.

ನಮ್ಮ ಹಳೆಯ ಪಿಂಚಣಿ ಪದ್ಧತಿ ಓದುಗರಿಗೆ ಗೊತ್ತೇ ಇದೆ. ನೌಕರ ನಿವೃತ್ತನಾದರೆ ಪಿಂಚಣಿ ಅವನದು. ಅವನು ತೀರಿಕೊಂಡ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಗಂಡ ಬದುಕಿರುವಾಗಲೇ ಹೆಂಡತಿಯ ಹೆಸರಿಗೆ ಬೇರೆಯಾಗಿ ಹಣ ಬರುವ ಕ್ರಮ ಅದರಲ್ಲಿಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಎಂಬ ವಿಮಾ ಯೋಜನೆಯಲ್ಲೂ ಮೊದಲು ಅದು ಇರಲಿಲ್ಲ. ರೂಸ್ವೆಲ್ಟ್ ಅಧ್ಯಕ್ಷರು 1935ರ ಆಗಸ್ಟ್ 14ರಂದು ಸಹಿ ಹಾಕಿದ ಶಾಸನ ದುಡಿಯುವವನನ್ನು ಮಾತ್ರ ಕಂಡಿತ್ತು. ಅವನೂ ಅವನ ಯಜಮಾನನೂ ವಂತಿಗೆ ಕಟ್ಟಬೇಕು. 65 ತುಂಬಿದ ಮೇಲೆ ಅವನಿಗೆ ತಿಂಗಳು ತಿಂಗಳು ಹಣ ಬರಬೇಕು. ಅವನ ಮನೆಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆ ಎಂಬ ಪ್ರಶ್ನೆ ಆ ಶಾಸನಕ್ಕೆ ಸೇರಿದ್ದಲ್ಲ.

ತಿಂಗಳ ಹಣ ಕೊಡುವುದಕ್ಕೆ ಇನ್ನೂ ಆರಂಭಿಸುವ ಮೊದಲೇ ಈ ಕೊರತೆ ಎದ್ದು ಕಂಡಿತು. ಅರ್ಥಶಾಸ್ತ್ರಜ್ಞ ಡಗ್ಲಾಸ್ ಬ್ರೌನ್ ಅವರ ಅಧ್ಯಕ್ಷತೆಯಲ್ಲಿ ಕುಳಿತ ಸಲಹಾ ಸಮಿತಿಯ ಮುಂದಿದ್ದ ತೊಡಕು ಸರಳವಾದದ್ದು. ಒಬ್ಬನಿಗೆ ಸಾಲುವ ಹಣ ಇಬ್ಬರಿಗೆ ಸಾಲದು. ಇಬ್ಬರಿಗೆ ಸಾಲುವಷ್ಟು ಎಲ್ಲರಿಗೂ ಕೊಟ್ಟರೆ ಒಂಟಿಯಾಗಿರುವವನಿಗೆ ಹೆಚ್ಚಾಗುತ್ತದೆ, ಬೊಕ್ಕಸಕ್ಕೂ ಭಾರ. ಆದ್ದರಿಂದ ಗಂಡನ ಮೂಲ ಮೊತ್ತಕ್ಕೆ ಅದರ ಅರ್ಧದಷ್ಟನ್ನು ಹೆಂಡತಿಯ ಪಾಲೆಂದು ಕೂಡಿಸಿದರು. 1939ರ ತಿದ್ದುಪಡಿಯಲ್ಲಿ ಇದು ಶಾಸನವಾಯಿತು. ಹೆಂಡತಿಗೂ 65 ಆಗಿರಬೇಕು, ಗಂಡನೊಡನೆ ಬಾಳುತ್ತಿರಬೇಕು. ಗಂಡ ಇದಕ್ಕಾಗಿ ಒಂದು ಕಾಸು ಹೆಚ್ಚು ವಂತಿಗೆ ಕಟ್ಟಬೇಕಾಗಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಆ ಅರ್ಧ, ಹೆಂಡತಿ ಗಳಿಸಿದ್ದೆಂದು ಕೊಟ್ಟದ್ದಲ್ಲ, ಅವಳು ಅವಲಂಬಿತಳೆಂದು ಕೊಟ್ಟದ್ದು. ಅವಲಂಬನೆ ಕಡಿದ ದಿನ ಹಕ್ಕೂ ಕಡಿಯಿತು. ಮೂವತ್ತು ವರ್ಷ ಅಡಿಗೆ ಬೇಯಿಸಿ ಮಕ್ಕಳನ್ನು ಸಾಕಿದವಳೇ ಆಗಲಿ, ವಿಚ್ಛೇದನದ ತೀರ್ಪು ಬಂದೊಡನೆ ಶಾಸನದ ಕಣ್ಣಿಗೆ ಅವಳು ಹೆಂಡತಿಯಲ್ಲ, ಹೆಂಡತಿಯಲ್ಲದವಳಿಗೆ ಪಾಲಿಲ್ಲ.

ಈ ಸ್ಥಿತಿ ಕಾಲು ಶತಮಾನ ನಡೆಯಿತು. ಐವತ್ತೈದು ಅರವತ್ತರ ವಯಸ್ಸಿನಲ್ಲಿ ಗಂಡ ಬಿಟ್ಟುಹೋದ ಹೆಂಗಸು ಆಮೇಲೆ ಕೆಲಸಕ್ಕೆ ಸೇರಿ ಸ್ವಂತ ಹಕ್ಕನ್ನು ಗಳಿಸುವುದು ಎಲ್ಲಿ ಬಂತು? ಈ ಮಾತನ್ನು ಅಲ್ಲಿನ ಸಂಸತ್ತು ಒಪ್ಪಿಕೊಂಡದ್ದು 1965ರಲ್ಲಿ. ಮುದುಕರಿಗೆ ವೈದ್ಯಸಹಾಯ ಕೊಡುವ ಮೆಡಿಕೇರ್ ಯೋಜನೆ ಹುಟ್ಟಿದ ಅದೇ ಶಾಸನದ ಒಂದು ಮೂಲೆಯಲ್ಲಿ ವಿಚ್ಛೇದಿತ ಹೆಂಡತಿಗೂ ಜಾಗ ಸಿಕ್ಕಿತು. ಆದರೆ ಬಾಗಿಲು ಕಿರಿದಾಗಿತ್ತು. ವಿಚ್ಛೇದನದ ಹಿಂದಿನ 20 ವರ್ಷ ಮದುವೆ ಒಂದೇ ಸಮನೆ ನಡೆದಿರಬೇಕು. ಅದಲ್ಲದೆ, ಹಳೆಯ ಗಂಡನೇ ಈಗಲೂ ತನ್ನನ್ನು ಅರ್ಧಕ್ಕಾದರೂ ಪೋಷಿಸುತ್ತಿದ್ದಾನೆ, ಇಲ್ಲವೆ ಗಣನೀಯವಾದ ಹಣ ಕೊಡುತ್ತಿದ್ದಾನೆ, ಅದೂ ಇಲ್ಲದಿದ್ದರೆ ಕೊಡುವಂತೆ ಕೋರ್ಟು ಆಜ್ಞೆ ಮಾಡಿದೆ ಎಂದು ತೋರಿಸಬೇಕು. ಜೀವನಾಂಶ ವಿಧಿಸದ ರಾಜ್ಯಗಳಲ್ಲಿದ್ದವರೂ, ಜೀವನಾಂಶದ ಬದಲು ಆಸ್ತಿಯ ಪಾಲು ಪಡೆದು ಬೇರೆಯಾದವರೂ ಈ ಎರಡನೆಯ ಬಾಗಿಲಲ್ಲಿ ನಿಂತುಬಿಟ್ಟರು. 1972ರಲ್ಲಿ ಈ ಪೋಷಣೆಯ ನಿಬಂಧನೆಯನ್ನು ತೆಗೆದುಹಾಕಿದರು. ಉಳಿದದ್ದು ಕಾಲದ ಅಳತೆಯೊಂದೇ.

ಇಪ್ಪತ್ತು ವರ್ಷವೆಂದರೆ ಸಣ್ಣ ಕಾಲವಲ್ಲ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳ ಕೈಯೂ ಬರಿದಾಗಿಯೇ ಉಳಿಯುತ್ತಿತ್ತು. ವಿಚ್ಛೇದನಗಳು ಹೆಚ್ಚುತ್ತಿದ್ದ ಎಪ್ಪತ್ತರ ದಶಕದಲ್ಲಿ ಈ ಗೆರೆಯನ್ನು ಕೆಳಗಿಳಿಸಬೇಕೆಂಬ ಕೂಗೆದ್ದಿತು. 1977ರ ತಿದ್ದುಪಡಿ ಇಪ್ಪತ್ತನ್ನು ಹತ್ತಕ್ಕಿಳಿಸಿತು. 1979ರ ಜನವರಿಯಿಂದ ಅದು ಜಾರಿಗೆ ಬಂತು. ಇಂದಿಗೂ ಅದೇ ಹತ್ತು ನಿಂತಿದೆ.

ಗೆರೆ ದಾಟಿದವಳಿಗೂ ಒಂದು ಕಂಟಕ ಉಳಿದಿತ್ತು. ಹಳೆಯ ಗಂಡ ತಾನು ನಿವೃತ್ತಿ ಹಣಕ್ಕೆ ಅರ್ಜಿ ಹಾಕುವವರೆಗೆ ಅವಳ ಅರ್ಜಿಯೂ ಹುಟ್ಟುವಂತಿರಲಿಲ್ಲ. ಅವನು ಎಪ್ಪತ್ತರವರೆಗೆ ದುಡಿಯುತ್ತ ಕುಳಿತರೆ ಅವಳು ಅಷ್ಟು ವರ್ಷ ಕಾಯಬೇಕು. ಮುರಿದುಹೋದ ಮದುವೆಯ ಕೀಲಿಕೈ ಅವನ ಜೇಬಿನಲ್ಲೇ ಉಳಿದಂತಾಯಿತು. 1983ರ ತಿದ್ದುಪಡಿ ಇದನ್ನು ಸರಿಪಡಿಸಿತು. 1985ರ ಜನವರಿಯಿಂದೀಚೆಗೆ, ವಿಚ್ಛೇದನವಾಗಿ ಎರಡು ವರ್ಷ ಕಳೆದಿದ್ದು ಇಬ್ಬರಿಗೂ 62 ತುಂಬಿದ್ದರೆ, ಅವನು ಅರ್ಜಿ ಹಾಕಿರಲಿ ಬಿಡಲಿ, ಅವಳು ಕೇಳಬಹುದು. ಈಗ ಈ ಹಕ್ಕು ಗಂಡಸಿಗೂ ಸಮಾನವಾಗಿ ಸಲ್ಲುತ್ತದೆ; ನಾನು ‘ಅವಳು’ ಎನ್ನುತ್ತಿರುವುದು ಇತಿಹಾಸದ ಜಾಡನ್ನು ಹಿಡಿದು.

ಇನ್ನು ಈ ಗೆರೆ ಒಂದು ಬಾಳಿನ ಮೇಲೆ ಹೇಗೆ ಬೀಳುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. 1962ರಲ್ಲಿ ಹುಟ್ಟಿದ ಒಬ್ಬಾಕೆ 1994ರ ಜೂನ್ 12ರಂದು ಮದುವೆಯಾದಳು. ಗಂಡ ಅವಳಿಗಿಂತ ಎರಡು ವರ್ಷ ಹಿರಿಯ. ಮಕ್ಕಳು ಚಿಕ್ಕವರಿದ್ದಾಗ ಅವಳು ಮನೆಯಲ್ಲಿದ್ದಳು, ಮುಂದೆ ಸಣ್ಣ ಸಂಬಳದ ಕೆಲಸ ಮಾಡಿದಳು. ಅವಳ ಸ್ವಂತ ವಂತಿಗೆಯ ಮೇಲೆ ಸಿಗುವ ಮೂಲ ಮೊತ್ತ ತಿಂಗಳಿಗೆ 700 ಡಾಲರ್, ಗಂಡನದು 2,400. ಅದರ ಅರ್ಧ 1,200. ಬೆಲೆಯೇರಿಕೆಯ ಭತ್ಯೆಯನ್ನು ಸದ್ಯಕ್ಕೆ ಮರೆಯೋಣ.

ವಿಚ್ಛೇದನ 2004ರ ಜೂನ್ 30ರಂದು ಅಂತಿಮವಾಯಿತೆನ್ನಿ. ಹತ್ತು ವರ್ಷ ದಾಟಿತು. ಅವಳ ಪೂರ್ಣ ನಿವೃತ್ತಿ ವಯಸ್ಸು 67. ಆಗ ಕೇಳಿದರೆ ಮೊದಲು ಅವಳ ಸ್ವಂತ 700 ಕೊಡುತ್ತಾರೆ. 1,200ಕ್ಕೆ ಕಡಿಮೆ ಬಿದ್ದ 500ನ್ನು ಹಳೆಯ ಗಂಡನ ಲೆಕ್ಕದಿಂದ ತುಂಬಿಕೊಡುತ್ತಾರೆ. ಎರಡು ಪೂರ್ತಿ ಮೊತ್ತಗಳನ್ನು ಕೂಡಿಸಿ 1,900 ಕೊಡುವುದಿಲ್ಲ. ಅವಸರಪಟ್ಟು 62ಕ್ಕೇ ಕೇಳಿದರೆ ಸ್ವಂತದ್ದು 490ಕ್ಕೂ, ತುಂಬಿಕೊಡುವ ಭಾಗ 325ಕ್ಕೂ ಇಳಿಯುತ್ತವೆ. ಒಟ್ಟು 815, ಅದೂ ಆಯುಷ್ಯವಿಡೀ. ಒಂದನ್ನು ಈಗ ಕೇಳಿ ಇನ್ನೊಂದನ್ನು ಆಮೇಲೆ ಕೇಳುತ್ತೇನೆ ಎನ್ನುವ ಜಾಣತನಕ್ಕೆ, 1954ರ ಜನವರಿ 2ರಿಂದೀಚೆಗೆ ಹುಟ್ಟಿದವರಿಗೆ, 2015ರ ಕಾಯಿದೆ ಅವಕಾಶ ಉಳಿಸಿಲ್ಲ.

ಈಗ ಅದೇ ತೀರ್ಪು ಜೂನ್ 5ರಂದು ಬಂದಿತೆನ್ನಿ. ಒಂದು ವಾರ ಕಡಿಮೆ. ಅವಳಿಗೆ 67ಕ್ಕೆ ಸಿಗುವುದು ಸ್ವಂತದ 700 ಮಾತ್ರ. ತಿಂಗಳಿಗೆ 500 ಡಾಲರ್ ಹೋಯಿತು. ಅಷ್ಟೇ ಅಲ್ಲ. ಪೂರ್ಣ ವಯಸ್ಸಿಗೆ ಹಣ ಪಡೆಯತೊಡಗಿದ್ದ ಹಳೆಯ ಗಂಡ ಮುಂದೆ ತೀರಿಕೊಂಡರೆ, ಹತ್ತು ವರ್ಷ ದಾಟಿದವಳಿಗೆ ವಿಧವೆಯಂತೆ ಅವನ ಪೂರ್ತಿ 2,400ರವರೆಗೂ ಹಕ್ಕು ಏರುತ್ತದೆ. ವಾರ ಕಡಿಮೆ ಬಿದ್ದವಳಿಗೆ ಸಾಮಾನ್ಯವಾಗಿ ಅದೂ ಇಲ್ಲ. ಇಲ್ಲಿ ಎಣಿಸುವುದು ಮದುವೆಯ ದಿನದಿಂದ ತೀರ್ಪು ಅಂತಿಮವಾದ ದಿನದವರೆಗೆ. ಬೇರೆ ಬೇರೆ ಮನೆ ಮಾಡಿಕೊಂಡ ಕಾಲವೂ ಲೆಕ್ಕಕ್ಕೆ ಬರುತ್ತದೆ. ಒಂಬತ್ತನೆಯ ವರ್ಷದಲ್ಲಿ ಬಂದ ಕಕ್ಷಿಗಾರಳ ಕಡತವನ್ನು ತಿಳಿದ ವಕೀಲ ತುಸು ನಿಧಾನವಾಗಿ ಬಿಚ್ಚುವುದಕ್ಕೆ ಇದೇ ಕಾರಣ.

ಹೋಲಿಸಿ ನೋಡಿ: ಮದುವೆ ಮುರಿಯದ ಹೆಂಡತಿಗೆ ಒಂದು ವರ್ಷದ ದಾಂಪತ್ಯ ಸಾಕು, ಮಕ್ಕಳಾಗಿದ್ದರೆ ಅದೂ ಬೇಡ. ವಿಧವೆಗೆ ಸಾಮಾನ್ಯವಾಗಿ ಒಂಬತ್ತು ತಿಂಗಳು. ಹತ್ತು ವರ್ಷ ಬೇಕಾದದ್ದು ವಿಚ್ಛೇದಿತೆಗೆ ಮಾತ್ರ. ಅವಳು ಮತ್ತೆ ಮದುವೆಯಾದರೆ ಬದುಕಿರುವ ಹಳೆಯ ಗಂಡನ ಲೆಕ್ಕದ ಹಕ್ಕು ಸಾಮಾನ್ಯವಾಗಿ ನಿಲ್ಲುತ್ತದೆ. ಅವನು ಮರುಮದುವೆಯಾದರೆ ಅವಳದಕ್ಕೆ ಬಾಧಕವಿಲ್ಲ. ಅವಳು ಪಡೆಯುವುದರಿಂದ ಅವನದಾಗಲಿ ಅವನ ಈಗಿನ ಹೆಂಡತಿಯದಾಗಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ. ಈ ಮಾತು ತಿಳಿಯದೆ, ‘ಅವನ ಹಣ ನನಗೇಕೆ’ ಎಂದು ಅಭಿಮಾನದಿಂದ ಸುಮ್ಮನಿರುವವಳು ತನ್ನನ್ನಷ್ಟೆ ನಷ್ಟಪಡಿಸಿಕೊಳ್ಳುತ್ತಾಳೆ. ಮದುವೆಯ ಪತ್ರವನ್ನೂ ಅಂತಿಮ ತೀರ್ಪಿನ ಪ್ರತಿಯನ್ನೂ ಜೋಪಾನವಾಗಿಟ್ಟುಕೊಂಡು ಅವಳೇ ಹೋಗಿ ಕೇಳಬೇಕು.

ಈ ಗೆರೆ ನಮ್ಮವರನ್ನೂ ಮುಟ್ಟುತ್ತದೆ. ಗಂಡನ ಕೆಲಸದ ವೀಸಾದ ಬೆನ್ನಿಗೆ ಬೆಂಗಳೂರು, ಮೈಸೂರುಗಳಿಂದ ಹೊರಟ ಹೆಣ್ಣುಮಕ್ಕಳು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಅಲ್ಲಿ ಇಳಿದರು. 2015ರವರೆಗೆ ಆ ವೀಸಾದವರಿಗೆ ದುಡಿಯುವ ಅನುಮತಿಯೇ ಇರಲಿಲ್ಲ, ಅನಂತರವೂ ಕೆಲವರಿಗಷ್ಟೆ. ನಿವೃತ್ತಿ ಹಣಕ್ಕೆ ಸ್ವಂತ ಹಕ್ಕು ಹುಟ್ಟಲು ಸುಮಾರು ಹತ್ತು ವರ್ಷ ದುಡಿದು ವಂತಿಗೆ ಕಟ್ಟಬೇಕು. ದುಡಿಯಬಾರದೆಂದು ಸರ್ಕಾರವೇ ಹೇಳಿದ ವರ್ಷಗಳು ಆ ಲೆಕ್ಕದಲ್ಲಿ ಸೊನ್ನೆ. ಅಂಥವಳ ಮದುವೆ ಒಂಬತ್ತನೆಯ ವರ್ಷ ಮುರಿದರೆ ಎರಡು ಕಡೆಯೂ ಬರಿಗೈ. ತಾಯ್ನಾಡಿಗೆ ಮರಳಿದವಳು ಅಮೆರಿಕದ ಪ್ರಜೆಯಲ್ಲದಿದ್ದರೆ ಬೇರೆ ನಿಬಂಧನೆಗಳೂ ಎದುರಾಗುತ್ತವೆ. ಅವನ ಹೆಂಡತಿಯಾಗಿ ಅಲ್ಲಿ ಐದು ವರ್ಷವಾದರೂ ವಾಸ ಮಾಡಿರಬೇಕೆಂಬುದು ಅವುಗಳಲ್ಲೊಂದು.

ಹಾಗಾದರೆ ಹತ್ತನ್ನು ಐದಕ್ಕಿಳಿಸಿದರೆ ಸರಿಹೋಗುವುದೆ? ಐದರ ಗೆರೆಯೂ ನಾಲ್ಕು ವರ್ಷ ಹನ್ನೊಂದು ತಿಂಗಳಿನವಳನ್ನು ಹೊರಗೆ ನಿಲ್ಲಿಸುತ್ತದೆ. ತೊಡಕು ಅಂಕಿಯಲ್ಲಿಲ್ಲ, ಗೆರೆಯಲ್ಲಿದೆ ಎಂದು ನನಗೆ ತೋರುತ್ತದೆ. ಇದನ್ನು ಅಲ್ಲಿನವರು ಕಾಣಲಿಲ್ಲವೆಂದಲ್ಲ. ಬದಲಾಗುತ್ತಿರುವ ಸ್ತ್ರೀಪುರುಷರ ಪಾತ್ರಗಳ ಮೇಲೆ 1979ರಲ್ಲಿ ಅಮೆರಿಕದ ಸರ್ಕಾರವೇ ಹೊರಡಿಸಿದ ವರದಿಯೊಂದು ಗಳಿಕೆ ಹಂಚಿಕೆಯೆಂಬ ದಾರಿಯನ್ನು ವಿಚಾರ ಮಾಡಿತ್ತು. ಮದುವೆಯ ಪ್ರತಿಯೊಂದು ವರ್ಷದ ಗಳಿಕೆಯನ್ನು ಗಂಡ ಹೆಂಡಿರ ಲೆಕ್ಕಕ್ಕೆ ಸಮನಾಗಿ ಬರೆಯುವುದು. ಮದುವೆ ಮೂರು ವರ್ಷ ನಡೆದರೆ ಮೂರು ವರ್ಷದ್ದು, ಮೂವತ್ತು ನಡೆದರೆ ಮೂವತ್ತು ವರ್ಷದ್ದು. ಆಗ ಗೆರೆಯೇ ಬೇಕಿಲ್ಲ. ಆದರೆ ಅದರಿಂದ ಒಬ್ಬನೇ ದುಡಿಯುವ ಕುಟುಂಬಗಳಿಗೆ ಆಗಿನ ಹಣದಲ್ಲಿ ಕಡಿತವಾಗುವ ಸಂಭವವಿತ್ತು. ಯಾರಿಗೂ ಕಡಿಮೆಯಾಗದಂತೆ ಮಾಡಲು ಖರ್ಚು ಹೆಚ್ಚು. ಸಲಹೆ ಶಾಸನವಾಗಲಿಲ್ಲ.

ಹೀಗೆ 1939ರಲ್ಲಿ ಅವಲಂಬಿತಳೆಂದು ಕೊಟ್ಟ ಪಾಲು ಇಂದಿಗೂ ಆ ಹೆಸರಿನಲ್ಲೇ ಉಳಿದಿದೆ. ಅವಳು ದುಡಿದಳೆಂಬ ಮಾತು ಕಾಯಿದೆಯೊಳಗೆ ಬರಬೇಕಾದರೆ ಹತ್ತನೆಯ ವರ್ಷದ ಹಿಂಬಾಗಿಲಿನಿಂದಲೇ ಬರಬೇಕಾಗಿದೆ. ಒಂದು ವಾರ ಮೊದಲು ಬಂದವಳಿಗೆ ಆ ಬಾಗಿಲೂ ತೆರೆಯುವುದಿಲ್ಲ.